ಏರು ಕೊಳವೆಯ ಲೆಕ್ಕ: ಪಂಪು ನಿಂತ ಮೇಲಿನ ಹತ್ತು ಸೆಕೆಂಡು

ನದಿಯಿಂದ ಊರಿಗೆ ನೀರನ್ನು ಎತ್ತಿ ತರುವ ಕೊಳವೆ ಮಾರ್ಗಕ್ಕೆ ಎಂಜಿನಿಯರುಗಳು ರೈಸಿಂಗ್ ಮೇನ್ ಎನ್ನುತ್ತಾರೆ. ಅದನ್ನು ಹೂಳುವ ಮುಂಚೆ ಸಿದ್ಧವಾಗುವ ವಿನ್ಯಾಸ ವರದಿ ಮೂರು ವಿಷಯಗಳನ್ನು ಇತ್ಯರ್ಥ ಮಾಡಬೇಕು. ನೀರನ್ನು ಸಾಗಿಸಲು ಎಷ್ಟು ಒತ್ತಡ ಬೇಕು, ಪಂಪು ಹಠಾತ್ತನೆ ನಿಂತರೆ ಕೊಳವೆ ಏನಾಗುತ್ತದೆ, ಯಾವ ಪಂಪು ತರಬೇಕು ಎಂಬುವು ಆ ಮೂರು. ಬಹಳಷ್ಟು ವರದಿಗಳಲ್ಲಿ ಮೊದಲನೆಯದಕ್ಕೆ ಹತ್ತಾರು ಪುಟ, ಮೂರನೆಯದಕ್ಕೆ ಒಂದು ಪಟ್ಟಿ, ಎರಡನೆಯದಕ್ಕೆ ಒಂದೇ ಪ್ಯಾರಾ ಮೀಸಲಾಗಿರುತ್ತದೆ. ಆದರೆ ಕೊಳವೆ ಒಡೆಯುವುದು ಹೆಚ್ಚಾಗಿ ಆ ಒಂದು ಪ್ಯಾರಾದಲ್ಲಿ ಬಿಟ್ಟುಹೋದ ಮಾತಿನಿಂದಲೇ.

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲ್ಲೂಕುಗಳು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನೆಲದಲ್ಲಿವೆ. ಸಿಂಧನೂರು, ಮಸ್ಕಿ ಕಡೆ ತುಂಗಭದ್ರಾ ಎಡದಂಡೆ ನಾಲೆಯ ಆಸರೆ ಇದೆ. ನಾಲೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಂಡು, ನಾಲೆ ನಿಂತ ತಿಂಗಳುಗಳಲ್ಲಿ ಆ ಕೆರೆಯಿಂದ ಬಳಸುವುದು ಅಲ್ಲಿನ ದಾರಿ. ಅಲ್ಲಿ ಪಂಪಿನ ಕೆಲಸ ಹಗುರ, ಸಂಗ್ರಹದ ಲೆಕ್ಕವೇ ಭಾರ. ಲಿಂಗಸುಗೂರಿನ ಕಡೆ ಉತ್ತರಕ್ಕೆ ಕೃಷ್ಣೆ ಇದೆ, ಅದರ ಮೇಲೆ ನಾರಾಯಣಪುರದ ಬಸವಸಾಗರ ಜಲಾಶಯ ಇದೆ. ಆ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 492.25 ಮೀಟರ್. ನದಿಯ ಕೊಳ್ಳದಿಂದ ಮೇಲೇರಿ, ಎರೆ ಹೊಲ ದಾಟಿ, ಕಲ್ಲುದಿಬ್ಬಗಳನ್ನು ಹತ್ತಿಳಿದು ಬರುವ ಕೊಳವೆಗೆ ಈ ಸೀಮೆ ಒಳ್ಳೆಯ ಪಾಠದ ನೆಲ.

ಲೆಕ್ಕಕ್ಕೆ ಈ ಸೀಮೆಗೆ ಹೊಂದುವ ಒಂದು ಮಾದರಿ ಮಾರ್ಗವನ್ನು ಇಟ್ಟುಕೊಳ್ಳಬಹುದು. ಇದು ಯಾವುದೇ ನಿರ್ಮಿತ ಯೋಜನೆಯ ದಾಖಲೆಯಲ್ಲ. ಉದ್ದ ಮತ್ತು ಎತ್ತರಗಳು ಉದಾಹರಣೆಗಾಗಿ ಹಿಡಿದವು. ಮಾರ್ಗದ ಉದ್ದ 18 ಕಿಲೋಮೀಟರ್. ಬೇಸಿಗೆಯ ಕೊನೆಯಲ್ಲಿ ನೀರು ಅತ್ಯಂತ ಕೆಳಗಿಳಿದಾಗಿನ ಮಟ್ಟವನ್ನು ಸೊನ್ನೆ ಎಂದು ಹಿಡಿದರೆ, ಊರ ಬಳಿಯ ಟ್ಯಾಂಕಿಗೆ ನೀರು ಬೀಳುವ ಮಟ್ಟ 60 ಮೀಟರ್ ಮೇಲೆ. ನಡುದಾರಿಯಲ್ಲಿ, 11ನೇ ಕಿಲೋಮೀಟರಿನಲ್ಲಿ, ಒಂದು ದಿಬ್ಬ. ಅದರ ಮೇಲೆ ಕೊಳವೆ 50 ಮೀಟರ್ ಎತ್ತರಕ್ಕೆ ಏರಿ ಮತ್ತೆ ಇಳಿಯುತ್ತದೆ. ಸದ್ಯಕ್ಕೆ ಇದು ಟ್ಯಾಂಕಿಗಿಂತ 10 ಮೀಟರ್ ಕೆಳಗಿರುವ ನಿರುಪದ್ರವಿ ದಿಬ್ಬದಂತೆ ಕಾಣುತ್ತದೆ. ವರದಿಯ ಬಹುಭಾಗ ಮುಂದೆ ಇದರ ಸುತ್ತಲೇ ತಿರುಗುತ್ತದೆ.

ಮೊದಲು ನೀರಿನ ಪ್ರಮಾಣ. ಕೇಂದ್ರ ಸಾರ್ವಜನಿಕ ಆರೋಗ್ಯ ಮತ್ತು ಪರಿಸರ ಎಂಜಿನಿಯರಿಂಗ್ ಸಂಸ್ಥೆಯ 1999ರ ಕೈಪಿಡಿ, ಒಳಚರಂಡಿ ಇರುವ ಅಥವಾ ಬರಲಿರುವ ಪಟ್ಟಣಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂದು ಹೇಳುತ್ತದೆ. ಸೋರಿಕೆಗೆ ನೂರಕ್ಕೆ 15ಕ್ಕಿಂತ ಹೆಚ್ಚು ಬಿಡಬಾರದು ಎಂಬುದೂ ಅದರ ಸಲಹೆ. ಮೂವತ್ತು ವರ್ಷದ ಮುಂದಿನ ಜನಸಂಖ್ಯೆ 60,000 ಎಂದು ಹಿಡಿದರೆ, ಸೋರಿಕೆ ಸೇರಿ ದಿನಕ್ಕೆ ಸುಮಾರು 96 ಲಕ್ಷ ಲೀಟರ್ ಆಗುತ್ತದೆ. ಇದನ್ನು ಎಷ್ಟು ಗಂಟೆಯಲ್ಲಿ ಎತ್ತಬೇಕು ಎಂಬುದು ನೀರಿನ ಪ್ರಶ್ನೆಗಿಂತ ವಿದ್ಯುತ್ತಿನ ಪ್ರಶ್ನೆ. ದಿನಕ್ಕೆ 20 ಗಂಟೆ ಪಂಪು ಓಡುತ್ತದೆ ಎಂದರೆ ಗಂಟೆಗೆ 480 ಘನ ಮೀಟರ್ ನೀರು ಸಾಗಬೇಕು. ಅಂದರೆ ಸೆಕೆಂಡಿಗೆ 133 ಲೀಟರ್.

ಈ ನೀರು ಕೊಳವೆಯ ಗೋಡೆಗೆ ಉಜ್ಜಿಕೊಂಡು ಹೋಗುವಾಗ ಒತ್ತಡ ಕಳೆದುಕೊಳ್ಳುತ್ತದೆ. ಆ ನಷ್ಟವನ್ನು ಇಷ್ಟು ಮೀಟರ್ ನೀರಿನ ಎತ್ತರ ಎಂದು ಅಳೆಯುತ್ತಾರೆ. ಆ ಎತ್ತರವೇ ಎಂಜಿನಿಯರ್ ಭಾಷೆಯ ಹೆಡ್. ನಮ್ಮ ಕಚೇರಿಗಳಲ್ಲಿ ಬಳಕೆಯಲ್ಲಿರುವುದು ಅಮೆರಿಕದ ಆಲನ್ ಹೇಜನ್ ಮತ್ತು ಗಾರ್ಡ್ನರ್ ವಿಲಿಯಮ್ಸ್ 20ನೇ ಶತಮಾನದ ಆರಂಭದಲ್ಲಿ ರೂಪಿಸಿದ ಸೂತ್ರ. ಅದು ಪ್ರಯೋಗದ ಅಂಕಿಗಳಿಂದ ಹೊಂದಿಸಿದ ಸೂತ್ರ, ಭೌತಶಾಸ್ತ್ರದ ಮೂಲದಿಂದ ಹೊರಟದ್ದಲ್ಲ. ಆದರೂ ಸಾಧಾರಣ ಉಷ್ಣತೆಯ ನೀರಿಗೆ, ಸಾಧಾರಣ ವೇಗಕ್ಕೆ ಅದು ಸಾಕು. ಅದರಲ್ಲಿ ಕೊಳವೆಯ ನಯವನ್ನು ಸಿ ಎಂಬ ಒಂದು ಅಂಕಿ ಸೂಚಿಸುತ್ತದೆ. ಒಳಗೆ ಸಿಮೆಂಟ್ ಗಾರೆಯ ಲೇಪವಿರುವ ಹೊಸ ಡಕ್ಟೈಲ್ ಕಬ್ಬಿಣದ ಕೊಳವೆಗೆ ಸಿ ಬೆಲೆ 140. ಒಳಮೈ ಒರಟಾದಷ್ಟೂ ಅದು ಇಳಿಯುತ್ತದೆ.

ಈ ಸೂತ್ರದಲ್ಲಿ ನೆನಪಿಡಬೇಕಾದ ಸಂಗತಿ ಎಂದರೆ ನಷ್ಟವು ಕೊಳವೆಯ ವ್ಯಾಸಕ್ಕೆ ವಿಪರೀತ ಸೂಕ್ಷ್ಮ. ಅದು ವ್ಯಾಸದ ಸುಮಾರು ಐದನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ನಮ್ಮ 18 ಕಿಲೋಮೀಟರಿನಲ್ಲಿ 350 ಮಿಲಿಮೀಟರ್ ಕೊಳವೆ ಹಾಕಿದರೆ ಘರ್ಷಣೆಗೆ ಹೋಗುವ ಹೆಡ್ 81 ಮೀಟರ್. 400ಕ್ಕೆ ಅದು 42, 450ಕ್ಕೆ 24, 500ಕ್ಕೆ 14 ಮೀಟರ್. ನೀರನ್ನು ಮೇಲೆತ್ತುವ 60 ಮೀಟರನ್ನು ಯಾರೂ ತಪ್ಪಿಸಲಾರರು. ಘರ್ಷಣೆಯ ಭಾಗ ಮಾತ್ರ ವಿನ್ಯಾಸಕಾರನ ಕೈಯಲ್ಲಿದೆ.

ಹಾಗೆಂದು ದೊಡ್ಡ ಕೊಳವೆಯೇ ಒಳ್ಳೆಯದು ಎನ್ನುವಂತಿಲ್ಲ. ಕೊಳವೆಗೆ ಹಣ ಒಮ್ಮೆ ಕೊಡಬೇಕು, ಘರ್ಷಣೆಗೆ ಪ್ರತಿ ತಿಂಗಳ ಕರೆಂಟು ಬಿಲ್ಲಿನಲ್ಲಿ ಕೊಡಬೇಕು. ಎರಡನ್ನೂ ಒಂದೇ ತಕ್ಕಡಿಗೆ ತರಲು, ಮುಂದಿನ ವರ್ಷಗಳ ವಿದ್ಯುತ್ ವೆಚ್ಚವನ್ನು ಬಡ್ಡಿ ಕಳೆದು ಇಂದಿನ ಬೆಲೆಗೆ ಇಳಿಸುತ್ತಾರೆ. ಪಂಪು ಮತ್ತು ಮೋಟಾರುಗಳ ಬಾಳಿಕೆ ಸುಮಾರು 15 ವರ್ಷ ಎಂದು ಹಿಡಿಯುವುದು ವಾಡಿಕೆ. ಬಡ್ಡಿ ನೂರಕ್ಕೆ 10, ವಿದ್ಯುತ್ ಯೂನಿಟ್ಟಿಗೆ 7 ರೂಪಾಯಿ ಎಂದು ಇಟ್ಟುಕೊಂಡರೆ, 400ರ ಬದಲು 450ರ ಕೊಳವೆ ವರ್ಷಕ್ಕೆ ಸುಮಾರು 2.6 ಲಕ್ಷ ಯೂನಿಟ್ ಉಳಿಸುತ್ತದೆ. ಆ ಉಳಿತಾಯದ ಇಂದಿನ ಬೆಲೆಯನ್ನು 18,000 ಮೀಟರಿಗೆ ಹಂಚಿದರೆ ಮೀಟರಿಗೆ ಸುಮಾರು 770 ರೂಪಾಯಿ. ಎಂದರೆ ಎರಡು ಕೊಳವೆಗಳ ಬೆಲೆಯ ಅಂತರ ಮೀಟರಿಗೆ 770 ರೂಪಾಯಿಯ ಒಳಗಿದ್ದರೆ 450 ಲಾಭ, ಮೀರಿದರೆ 400 ಲಾಭ. 450ರಿಂದ 500ಕ್ಕೆ ಹೋಗಲು ಇದೇ ಗಡಿ ಮೀಟರಿಗೆ 400 ರೂಪಾಯಿಗೆ ಇಳಿಯುತ್ತದೆ. ಅಷ್ಟು ಕಡಿಮೆ ಅಂತರಕ್ಕೆ 500ರ ಕೊಳವೆ ಸಿಗುವ ಸಂಭವ ಕಡಿಮೆ. 350ನ್ನು ಯೋಚಿಸುವ ಅಗತ್ಯವೇ ಇಲ್ಲ, ಅದರ ಕರೆಂಟು ಬಿಲ್ಲೇ ಅದನ್ನು ಹೊರಗಿಡುತ್ತದೆ. ಹೀಗೆ ಪೈಪೋಟಿ ಉಳಿಯುವುದು 400 ಮತ್ತು 450ರ ನಡುವೆ, ಅದೂ ಕೂದಲೆಳೆಯ ಅಂತರದಲ್ಲಿ.

ಇಂಥ ಕಡೆ ಕೋಷ್ಟಕದ ಕೊನೆಯ ಸಾಲನ್ನು ಕುರುಡಾಗಿ ನಂಬುವುದಕ್ಕಿಂತ, ಹಿಡಿದ ಊಹೆ ತಪ್ಪಿದರೆ ಏನಾಗುತ್ತದೆ ಎಂದು ನೋಡುವುದು ಮೇಲು. ಇಲ್ಲಿ ಅತ್ಯಂತ ದುರ್ಬಲವಾದ ಊಹೆ 20 ಗಂಟೆಯ ವಿದ್ಯುತ್. ಅದು 16 ಗಂಟೆಗೆ ಇಳಿದರೆ, ಅಷ್ಟೇ ನೀರು ತಲುಪಿಸಲು ಹರಿವು ಕಾಲು ಪಾಲು ಹೆಚ್ಚಬೇಕು. ಆಗ ಘರ್ಷಣೆ ಕಾಲು ಪಾಲಲ್ಲ, ಅರ್ಧ ಪಾಲು ಹೆಚ್ಚುತ್ತದೆ. 400ರ ಕೊಳವೆಯಲ್ಲಿ 42 ಮೀಟರ್ ಇದ್ದದ್ದು 64 ಆಗುತ್ತದೆ, 450ರಲ್ಲಿ 24 ಇದ್ದದ್ದು 36 ಆಗುತ್ತದೆ. ಮೊದಲನೆಯದಕ್ಕೆ ಪಂಪುಗಳನ್ನೇ ಬದಲಿಸಬೇಕಾದೀತು, ಎರಡನೆಯದನ್ನು ನಿಭಾಯಿಸಬಹುದು. ಈ ಕಾರಣಕ್ಕೆ, ಬೆಲೆಯ ಲೆಕ್ಕ ಸ್ವಲ್ಪ ವಿರುದ್ಧವಾಗಿದ್ದರೂ 450ನ್ನೇ ಆರಿಸುವುದು ವಿವೇಕ.

ಈಗ ಒಟ್ಟು ಹೆಡ್ ಕೂಡಿಸಬಹುದು. ಎತ್ತುವ ಎತ್ತರ 60 ಮೀಟರ್. ಘರ್ಷಣೆ 24. ಮಾರ್ಗದ ಬಾಗು, ಕವಾಟ, ಜೋಡಣೆಗಳಿಗೆ ಘರ್ಷಣೆಯ ಹತ್ತನೇ ಒಂದು ಭಾಗ, ಸುಮಾರು ಎರಡೂವರೆ ಮೀಟರ್. ಪಂಪ್‌ಹೌಸಿನ ಒಳಗಿನ ಕೊಳವೆ, ಕವಾಟಗಳಿಗೆ 2 ಮೀಟರ್, ಟ್ಯಾಂಕಿನ ಬಳಿ ಉಳಿಯಬೇಕಾದ ಒತ್ತಡಕ್ಕೆ 3 ಮೀಟರ್. ಒಟ್ಟು 91 ಮೀಟರ್ ಚಿಲ್ಲರೆ. ಇಲ್ಲಿ ಒಂದು ದುರಭ್ಯಾಸವನ್ನು ಹೇಳಲೇಬೇಕು. ಕೆಲವು ವರದಿಗಳಲ್ಲಿ ಪ್ರತಿ ಸಾಲಿಗೂ ಒಂದಿಷ್ಟು, ಕೊನೆಗೆ ಮತ್ತೆ ಒಟ್ಟಿಗೆ ಒಂದಿಷ್ಟು ಸುರಕ್ಷತೆ ಎಂದು ಕೂಡಿಸುತ್ತಾರೆ. ಹಾಗೆ 91ರ ಕಡೆ 110 ಬರೆದು ಅದಕ್ಕೆ ತಕ್ಕ ಪಂಪು ಕೊಂಡರೆ ಅದು ಸುರಕ್ಷಿತವಾಗುವುದಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ನೀರು ತಳ್ಳಿ, ಮೋಟಾರನ್ನು ಬಿಸಿ ಮಾಡಿ, ಕೊನೆಗೆ ಕವಾಟವನ್ನು ಅರ್ಧ ಮುಚ್ಚಿ ಓಡಿಸುವ ಪರಿಸ್ಥಿತಿ ತರುತ್ತದೆ. ಅರ್ಧ ಮುಚ್ಚಿದ ಕವಾಟ ಎಂದರೆ ದುಡ್ಡು ಕೊಟ್ಟು ಕೊಂಡ ಹೆಡ್ಡನ್ನು ಅಲ್ಲೇ ಕೊಲ್ಲುವುದು.

ಇಲ್ಲಿಯವರೆಗಿನ ಲೆಕ್ಕ ನೀರು ಸಮವಾಗಿ ಹರಿಯುತ್ತಿರುವಾಗಿನದು. ಇನ್ನು ಕರೆಂಟು ಹೋದ ಗಳಿಗೆಯ ಲೆಕ್ಕ. 450 ಮಿಲಿಮೀಟರಿನ 18 ಕಿಲೋಮೀಟರ್ ಕೊಳವೆಯಲ್ಲಿ 2,860 ಟನ್ ನೀರಿದೆ. ಅದು ಸೆಕೆಂಡಿಗೆ 84 ಸೆಂಟಿಮೀಟರ್ ವೇಗದಲ್ಲಿ ಚಲಿಸುತ್ತಿದೆ. ವೇಗ ನಡಿಗೆಗಿಂತ ಕಡಿಮೆ, ಆದರೆ ಭಾರ ಒಂದು ಗೂಡ್ಸ್ ರೈಲಿಗೆ ಹೋಲಿಸುವಷ್ಟಾದೀತು. ಕರೆಂಟು ಹೋದ ಕೂಡಲೇ ಪಂಪು ಕೆಲವೇ ಸೆಕೆಂಡುಗಳಲ್ಲಿ ತಳ್ಳುವುದನ್ನು ನಿಲ್ಲಿಸುತ್ತದೆ. ಮುಂದಿರುವ ನೀರು ಮಾತ್ರ ತನ್ನ ವೇಗದಲ್ಲೇ ಮುಂದೆ ಹೋಗಲು ನೋಡುತ್ತದೆ. ಹಿಂದಿನಿಂದ ನೀರು ಬರುತ್ತಿಲ್ಲವಾದ್ದರಿಂದ ಪಂಪಿನ ಬಳಿ ಒತ್ತಡ ಕುಸಿಯುತ್ತದೆ. ಆ ಕುಸಿತ ಅಲೆಯಾಗಿ ಊರಿನ ಕಡೆಗೆ ಓಡುತ್ತದೆ.

ಈ ಅಲೆಯ ನಿಯಮವನ್ನು ರಷ್ಯಾದ ನಿಕೊಲಾಯ್ ಝುಕೋವ್‌ಸ್ಕಿ ಮಾಸ್ಕೋದ ನೀರು ಸರಬರಾಜು ಕೊಳವೆಗಳಲ್ಲಿ ಪ್ರಯೋಗ ನಡೆಸಿ 1898ರಲ್ಲಿ ಪ್ರಕಟಿಸಿದ. ನಿಯಮ ಸರಳವಾಗಿದೆ. ಅಲೆಯ ವೇಗವನ್ನು ನೀರಿನ ವೇಗ ಬದಲಾದ ಪ್ರಮಾಣದಿಂದ ಗುಣಿಸಿ, ಗುರುತ್ವದ 9.81ರಿಂದ ಭಾಗಿಸಿದರೆ ಒತ್ತಡದ ಏರಿಳಿತ ಮೀಟರಿನಲ್ಲಿ ಸಿಗುತ್ತದೆ. ಅಲೆಯ ವೇಗ ಕೊಳವೆ ಎಷ್ಟು ಗಟ್ಟಿ ಎಂಬುದರ ಮೇಲೆ ನಿಂತಿದೆ. ಎಂಟೂವರೆ ಮಿಲಿಮೀಟರ್ ದಪ್ಪದ ಡಕ್ಟೈಲ್ ಕಬ್ಬಿಣದ 450ರ ಕೊಳವೆಯಲ್ಲಿ ಅದು ಸೆಕೆಂಡಿಗೆ ಸುಮಾರು 1,130 ಮೀಟರ್. ಪ್ಲಾಸ್ಟಿಕ್ ಕೊಳವೆ ಸ್ವಲ್ಪ ಹಿಗ್ಗುವುದರಿಂದ ಅದರಲ್ಲಿ ಅಲೆ ನಿಧಾನ, ಏರಿಳಿತವೂ ಕಡಿಮೆ. ನಮ್ಮ ಕೊಳವೆಗೆ ಲೆಕ್ಕ ಹಾಕಿದರೆ ಏರಿಳಿತ 97 ಮೀಟರ್ ಬರುತ್ತದೆ.

ಪಂಪು ನಿಧಾನವಾಗಿ ನಿಂತರೆ ಈ ಹೊಡೆತ ತಪ್ಪುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಉತ್ತರ ಕೊಳವೆಯ ಉದ್ದದಲ್ಲಿದೆ. ಅಲೆ 18 ಕಿಲೋಮೀಟರ್ ಹೋಗಿ, ಟ್ಯಾಂಕಿನಲ್ಲಿ ತಿರುಗಿ, ವಾಪಸು ಪಂಪಿಗೆ ಬರಲು 32 ಸೆಕೆಂಡು ಬೇಕು. ಆ ಅವಧಿಯೊಳಗೆ ನೀರು ನಿಂತರೆ ಪೂರ್ತಿ ಹೊಡೆತ ಬಿದ್ದಂತೆಯೇ. ಪಂಪು ಮತ್ತು ಮೋಟಾರಿನ ಚಕ್ರಗಳು ತಮ್ಮ ಜಡತ್ವದಿಂದ ತಿರುಗುವುದು ಕೆಲವೇ ಸೆಕೆಂಡು. ಒಂದೆರಡು ಕಿಲೋಮೀಟರಿನ ಮಾರ್ಗಕ್ಕೆ ಫ್ಲೈವೀಲ್ ಸಾಕಾದೀತು, 18 ಕಿಲೋಮೀಟರಿಗೆ ಅದರಿಂದ ಏನೂ ಆಗದು.

ಹೊಡೆತ ಎಂದ ಕೂಡಲೇ ಒತ್ತಡ ಏರಿ ಕೊಳವೆ ಸಿಡಿಯುವುದು ಕಣ್ಣಿಗೆ ಬರುತ್ತದೆ. ವರದಿಗಳೂ ಅದನ್ನೇ ಪರಿಶೀಲಿಸಿ ಮುಗಿಸುತ್ತವೆ. ಪಂಪಿನ ಬಳಿಯ ಹೆಡ್ 89 ಮೀಟರಿಗೆ 97 ಕೂಡಿಸಿದರೆ 186. ಈ ದಪ್ಪದ ಡಕ್ಟೈಲ್ ಕೊಳವೆ ಅದನ್ನು ಧಾರಾಳವಾಗಿ ತಾಳುತ್ತದೆ, ಆದ್ದರಿಂದ ಅಪಾಯವಿಲ್ಲ ಎಂಬ ತೀರ್ಮಾನ ಬರುತ್ತದೆ. ಇದೇ ದೊಡ್ಡ ತಪ್ಪು. ಪಂಪು ನಿಂತಾಗ ಮೊದಲು ಬರುವುದು ಏರಿಕೆಯಲ್ಲ, ಇಳಿಕೆ. ಆ ಇಳಿಕೆಯನ್ನು ತಾಳಲಾರದ ಜಾಗ ಪಂಪ್‌ಹೌಸಿನಿಂದ 11 ಕಿಲೋಮೀಟರ್ ದೂರದ ದಿಬ್ಬ.

ನೀರು ಹರಿಯುತ್ತಿರುವಾಗ ದಿಬ್ಬದ ಮೇಲೆ ಎಷ್ಟು ಒತ್ತಡವಿದೆ? ಅಲ್ಲಿಂದ ಟ್ಯಾಂಕಿಗೆ ಇನ್ನೂ 7 ಕಿಲೋಮೀಟರ್. ಆ ದೂರದ ಘರ್ಷಣೆ 10 ಮೀಟರ್, ಟ್ಯಾಂಕಿನ ಬಳಿ ಬೇಕಾದ್ದು 63 ಮೀಟರ್, ಒಟ್ಟು 73. ದಿಬ್ಬದ ಎತ್ತರ 50 ಕಳೆದರೆ ಕೊಳವೆಯೊಳಗೆ ಉಳಿಯುವುದು 23 ಮೀಟರ್. ಹೊರಗಿನ ವಾತಾವರಣದ ಒತ್ತಡ ಇನ್ನೊಂದು 10 ಮೀಟರಿನಷ್ಟು. ಒಟ್ಟು 33 ಮೀಟರ್ ಇಳಿದರೆ ಒಳಗೆ ಬಹುತೇಕ ನಿರ್ವಾತ. ಕರೆಂಟು ಹೋಗಿ ಸುಮಾರು 10 ಸೆಕೆಂಡಿಗೆ ಅಲೆ ದಿಬ್ಬ ಮುಟ್ಟುತ್ತದೆ. ಘರ್ಷಣೆಯಿಂದ ಸ್ವಲ್ಪ ಕುಗ್ಗಿದರೂ ಅದು ತರುವ ಇಳಿಕೆ 33 ಮೀಟರಿಗಿಂತ ಎಷ್ಟೋ ದೊಡ್ಡದು. ಆ ಒತ್ತಡದಲ್ಲಿ ನೀರು ತಣ್ಣಗೇ ಕುದಿದು ಆವಿಯಾಗುತ್ತದೆ, ನೀರಿನ ಕಂಬ ದಿಬ್ಬದ ಮೇಲೆ ಎರಡಾಗಿ ಹರಿಯುತ್ತದೆ. ಟ್ಯಾಂಕಿನ ಕಡೆಯ ತುಂಡು ಮುಂದೆ ಹೋಗಿ ನಿಂತು, ನಡುವಿನ ಖಾಲಿ ಜಾಗದ ಕಡೆಗೆ ಹಿಂದಿರುಗುತ್ತದೆ. ಎರಡು ತುಂಡುಗಳು ಕೂಡುವಾಗ ನಡುವೆ ಮೆತ್ತನೆಯ ಗಾಳಿ ಇಲ್ಲ, ಬರೀ ಆವಿ ಇದೆ. ಅದು ಕ್ಷಣದಲ್ಲಿ ನೀರಾಗಿಬಿಡುತ್ತದೆ. ನೀರಿಗೆ ನೀರು ನೇರವಾಗಿ ಬಡಿಯುತ್ತದೆ. ಆ ಬಡಿತದ ಒತ್ತಡ ಮೇಲೆ ಕೂಡಿಸಿದ 186ರ ಲೆಕ್ಕದಲ್ಲಿ ಎಲ್ಲೂ ಇಲ್ಲ.

ನಿರ್ವಾತದಿಂದ ಇನ್ನೊಂದು ಕೇಡೂ ಇದೆ, ಅದು ಜನರ ಆರೋಗ್ಯಕ್ಕೆ ಸಂಬಂಧಿಸಿದ್ದು. ರಬ್ಬರ್ ರಿಂಗಿನ ಜೋಡುಗಳನ್ನು ಒಳಗಿನಿಂದ ಹೊರಗೆ ತಳ್ಳುವ ಒತ್ತಡಕ್ಕೆ ರೂಪಿಸಿರುತ್ತಾರೆ. ಒಳಗೆ ನಿರ್ವಾತವಾದಾಗ ಸೋರುವ ಜೋಡು ಹೊರಗಿನ ಮಣ್ಣುನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರುಣಿಸಿದ ಹೊಲದ ನಡುವೆ ಹಾದುಹೋಗುವ ಮಾರ್ಗದಲ್ಲಿ ಆ ನೀರಿನಲ್ಲಿ ಏನೆಲ್ಲ ಇರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಶುದ್ಧೀಕರಣ ಘಟಕ ನದಿಯ ದಂಡೆಯಲ್ಲೇ ಇದ್ದು, ಶುದ್ಧ ನೀರನ್ನೇ ಈ ಕೊಳವೆ ಸಾಗಿಸುತ್ತಿದ್ದರೆ ಈ ಅಪಾಯ ಇಮ್ಮಡಿ.

ಹಾಗಾದರೆ ರಕ್ಷಣೆಯ ಗುರಿ ಸ್ಪಷ್ಟವಾಗುತ್ತದೆ. ದಿಬ್ಬದ ಮೇಲೆ ಒತ್ತಡ ಸೊನ್ನೆಗಿಂತ ಕೆಳಗೆ ಇಳಿಯಬಾರದು. ಇದಕ್ಕೆ ಮುಖ್ಯ ಸಾಧನ ಪಂಪ್‌ಹೌಸಿನ ಬಳಿ ಕೊಳವೆಗೆ ಜೋಡಿಸಿದ ಏರ್ ವೆಸೆಲ್. ಅದು ಉಕ್ಕಿನ ಮುಚ್ಚಿದ ಪೀಪಾಯಿ. ಕೆಳಗೆ ನೀರು, ಮೇಲೆ ಅದುಮಿಟ್ಟ ಗಾಳಿ. ಪಂಪು ನಿಂತಾಗ ಗಾಳಿ ಹಿಗ್ಗಿ, ಪೀಪಾಯಿಯ ನೀರನ್ನು ಕೊಳವೆಗೆ ತಳ್ಳುತ್ತದೆ. ಮುಂದೆ ಹೋಗುತ್ತಿರುವ ನೀರಿನ ಹಿಂದೆ ಖಾಲಿ ಬೀಳುವುದಿಲ್ಲ. ವೇಗ ಒಮ್ಮೆಲೇ ಸಾಯದೆ ನಿಮಿಷಗಳ ಅವಧಿಯಲ್ಲಿ ಮೆಲ್ಲಗೆ ಕುಗ್ಗುತ್ತದೆ.

ಅದರ ಗಾತ್ರವನ್ನು ಮೊದಲ ಅಂದಾಜಿಗೆ ಶಕ್ತಿಯ ಲೆಕ್ಕದಿಂದ ತೆಗೆಯಬಹುದು. ದಿಬ್ಬದ ಮೇಲೆ ಕನಿಷ್ಠ 2 ಮೀಟರ್ ಒತ್ತಡ ಉಳಿಯಬೇಕು ಎಂದರೆ, ಪಂಪಿನ ತುದಿಯ ಹೆಡ್ 89 ಮೀಟರಿನಿಂದ 35ಕ್ಕೆ ಇಳಿಯಬಹುದು, ಅದಕ್ಕಿಂತ ಕೆಳಗೆ ಬೇಡ. ಪೀಪಾಯಿಯನ್ನು ಬೇಸಿಗೆಯ ನೀರಿನ ಮಟ್ಟದಿಂದ 15 ಮೀಟರ್ ಎತ್ತರದಲ್ಲಿ ನಿಲ್ಲಿಸಿದರೆ, ಆ ಇಳಿತದಲ್ಲಿ ಒಳಗಿನ ಗಾಳಿ ಎರಡೂ ಕಾಲು ಪಟ್ಟಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. ಚಲಿಸುವ ನೀರಿನ ಶಕ್ತಿ ಸುಮಾರು 10 ಲಕ್ಷ ಜೂಲ್. ಘರ್ಷಣೆಯ ಸಹಾಯವನ್ನು ಬಿಟ್ಟು ಈ ಶಕ್ತಿಯನ್ನು ಸರಿದೂಗಿಸಿದರೆ ಆರಂಭದಲ್ಲಿ 8 ಘನ ಮೀಟರಿನಷ್ಟು ಗಾಳಿ ಬೇಕಾಗುತ್ತದೆ. ಅದು ಹಿಗ್ಗಿ 19 ಘನ ಮೀಟರ್ ದಾಟುತ್ತದೆ. ಅಷ್ಟಾದ ಮೇಲೂ ತಳದಲ್ಲಿ ನೀರು ಉಳಿಯಬೇಕು, ಇಲ್ಲದಿದ್ದರೆ ಗಾಳಿಯೇ ಕೊಳವೆಗೆ ನುಗ್ಗುತ್ತದೆ. ಹಾಗಾಗಿ 25 ಘನ ಮೀಟರಿನ ಪೀಪಾಯಿ. ಅಂತಿಮ ಗಾತ್ರವನ್ನು ಕೊಳವೆಯ ಪ್ರತಿ ತುಂಡಿನಲ್ಲೂ ಪ್ರತಿ ಕ್ಷಣದ ಒತ್ತಡ ತೆಗೆಯುವ ಕಂಪ್ಯೂಟರ್ ವಿಶ್ಲೇಷಣೆಯಿಂದಲೇ ನಿರ್ಧರಿಸಬೇಕು. ಆದರೆ ಕೈಯಲೆಕ್ಕ 25 ಹೇಳುವಾಗ ವರದಿಯಲ್ಲಿ 5 ಅಥವಾ 80 ಇದ್ದರೆ, ಎಲ್ಲೋ ಅಂಕಿ ತಪ್ಪಿದೆ ಎಂದು ತಿಳಿಯಲು ಅದೇ ಸಾಕು.

ಹಿಗ್ಗಿದ ಗಾಳಿ ಅಲ್ಲಿಗೇ ಸುಮ್ಮನಾಗುವುದಿಲ್ಲ. ನಿಂತ ನೀರು ಟ್ಯಾಂಕಿನ ಎತ್ತರದ ಒತ್ತಡಕ್ಕೆ ಹಿಂದಕ್ಕೆ ಹರಿದು ಪೀಪಾಯಿಯನ್ನು ಮತ್ತೆ ತುಂಬುತ್ತದೆ, ಗಾಳಿ ಅದುಮಿಕೊಂಡು ಒತ್ತಡ ಏರುತ್ತದೆ. ಇದನ್ನು ತಗ್ಗಿಸಲು ಪೀಪಾಯಿಯಿಂದ ನೀರು ಹೊರಹೋಗುವ ದಾರಿಯನ್ನು ಅಗಲವಾಗಿ, ಒಳಬರುವ ದಾರಿಯನ್ನು ಇಕ್ಕಟ್ಟಾಗಿ ಇಡುತ್ತಾರೆ. ಇನ್ನು ಗಾಳಿ ನಿಧಾನವಾಗಿ ನೀರಿನಲ್ಲಿ ಕರಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಕಂಪ್ರೆಸರ್ ಕೆಟ್ಟು, ಮಟ್ಟ ತೋರಿಸುವ ಗಾಜಿನ ನಳಿಗೆ ಮಂಕಾಗಿ, ಯಾರೂ ನೋಡದೆ ಬಿಟ್ಟರೆ ಕೆಲವು ತಿಂಗಳಲ್ಲಿ ಪೀಪಾಯಿ ಪೂರ್ತಿ ನೀರು ತುಂಬಿ ನಿಲ್ಲುತ್ತದೆ. ಹೊರಗೆ ಬಣ್ಣ ಬಳಿದು ಚೆನ್ನಾಗಿಯೇ ಕಾಣುತ್ತದೆ, ಒಳಗೆ ರಕ್ಷಣೆ ಮಾತ್ರ ಇರುವುದಿಲ್ಲ. ಗಾಳಿಯ ಮಟ್ಟವನ್ನು ಪ್ರತಿ ಪಾಳಿಯಲ್ಲಿ ಲಾಗ್ ಪುಸ್ತಕದಲ್ಲಿ ಬರೆಯಬೇಕು ಎಂಬ ಒಂದು ಸಾಲು ವಿನ್ಯಾಸ ವರದಿಯಲ್ಲೇ ಇರಬೇಕು.

ದಿಬ್ಬದ ತುದಿಯಲ್ಲಿ ಏರ್ ವಾಲ್ವ್ ಹೇಗೂ ಬೇಕು. ಕೊಳವೆ ತುಂಬುವಾಗ ಗಾಳಿ ಹೊರಹೋಗಲು, ಖಾಲಿ ಮಾಡುವಾಗ ಒಳಬರಲು ಅದೇ ದಾರಿ. ಅದನ್ನೇ ರಕ್ಷಣೆಯ ಏಕೈಕ ಸಾಧನ ಮಾಡಿಕೊಳ್ಳುವುದು ಅಗ್ಗದ ದಾರಿ. ಅದು ನಿರ್ವಾತವನ್ನು ತಪ್ಪಿಸುತ್ತದೆ ನಿಜ. ಆದರೆ ಒಳಗೆ ಬಂದ ಗಾಳಿಯನ್ನು ಅದೇ ದೊಡ್ಡ ಕಿಂಡಿಯಿಂದ ಭರ್ರನೆ ಹೊರಗೆ ಬಿಟ್ಟರೆ, ಹಿಂದೆಯೇ ಬಂದ ನೀರು ಮುಚ್ಚಿದ ಕವಾಟಕ್ಕೆ ಬಡಿಯುತ್ತದೆ. ಒಳಗೆ ಬೇಗ ಎಳೆದುಕೊಂಡು ಹೊರಗೆ ಮೆಲ್ಲಗೆ ಬಿಡುವ ಬಗೆಯ ವಾಲ್ವನ್ನೇ ಅಲ್ಲಿ ಇಡಬೇಕು. ದಿಬ್ಬ ಇನ್ನೂ ಎತ್ತರವಾಗಿದ್ದರೆ, ಅದರ ಮೇಲೆ ನೀರು ತುಂಬಿದ ಸಣ್ಣ ಟ್ಯಾಂಕನ್ನು ಏಕಮುಖ ಕವಾಟದ ಮೂಲಕ ಜೋಡಿಸುತ್ತಾರೆ. ಒತ್ತಡ ಇಳಿದಾಗ ಮಾತ್ರ ಅದು ಕೊಳವೆಗೆ ನೀರು ಕೊಡುತ್ತದೆ. ಮಾರ್ಗದ ನಡುನಡುವೆ ನೀರು ಹಿಂದಕ್ಕೆ ತಿರುಗುವ ಕ್ಷಣದಲ್ಲೇ ಸ್ಪ್ರಿಂಗಿನಿಂದ ಮುಚ್ಚಿಕೊಳ್ಳುವ ಜೀರೊ ವೆಲಾಸಿಟಿ ವಾಲ್ವುಗಳನ್ನು ಹಾಕುವುದೂ ಭಾರತದಲ್ಲಿ ರೂಢಿಯಲ್ಲಿದೆ. ಅವು ಹಿಂದಿರುಗುವ ನೀರಿನ ಏರಿಕೆಯನ್ನು ತಡೆಯುತ್ತವೆ. ಮೊದಲ ಇಳಿಕೆಯನ್ನು ತಡೆಯಲಾರವು. ನಮ್ಮ ದಿಬ್ಬದ ಸಮಸ್ಯೆಗೆ ಅವಷ್ಟೇ ಸಾಲವು.

ಇಲ್ಲಿಂದ ಪಂಪಿನ ಆಯ್ಕೆಗೆ ಬಂದರೆ, ನೀರಿನ ಮಟ್ಟ ಋತುವಿನಿಂದ ಋತುವಿಗೆ ಏರಿಳಿಯುವ ನದಿಗೆ ಜಾಕ್‌ವೆಲ್ಲಿನೊಳಗೆ ಇಳಿಬಿಟ್ಟ ವರ್ಟಿಕಲ್ ಟರ್ಬೈನ್ ಪಂಪು ಸಹಜ ಆಯ್ಕೆ. ಅದರ ಚಕ್ರ ಯಾವಾಗಲೂ ನೀರಿನಲ್ಲಿ ಮುಳುಗಿರುತ್ತದೆ, ಮೋಟಾರು ಪ್ರವಾಹದ ಮಟ್ಟದ ಮೇಲೆ ನೆಲದ ಮೇಲಿರುತ್ತದೆ. ಹೀರುವ ಕೊಳವೆಗೆ ನೀರು ತುಂಬಿ ಹೊರಡಿಸುವ ತಾಪತ್ರಯವಿಲ್ಲ. ಚಕ್ರದ ಬಾಯಲ್ಲಿ ಒತ್ತಡ ಕುಸಿದು ಆವಿಗುಳ್ಳೆಗಳೆದ್ದು ಲೋಹ ಕೊರೆಯುವ ಭಯವೂ ಕಡಿಮೆ.

ಒಟ್ಟು 480 ಘನ ಮೀಟರಿಗೆ ಎರಡು ಪಂಪು ಓಡಲು, ಒಂದು ಕಾಯ್ದಿರಿಸಲು ಎಂದಿಟ್ಟುಕೊಂಡರೆ ಪ್ರತಿಯೊಂದೂ 91 ಮೀಟರ್ ಹೆಡ್ಡಿನಲ್ಲಿ ಗಂಟೆಗೆ 240 ಘನ ಮೀಟರ್ ಕೊಡಬೇಕು. ಇಲ್ಲಿ ಒಂದು ತಪ್ಪು ಎಣಿಕೆ ಬಹಳ ಕಡೆ ನುಸುಳುತ್ತದೆ. ಎರಡು ಪಂಪು 480 ಕೊಟ್ಟರೆ ಒಂದು 240 ಕೊಡುತ್ತದೆ ಎಂದು ಭಾವಿಸುವುದು. ಒಂದೇ ಪಂಪು ಓಡುವಾಗ ಕೊಳವೆಯಲ್ಲಿ ನೀರು ಕಡಿಮೆ, ಘರ್ಷಣೆಯೂ ಕಡಿಮೆ. ಎದುರೊತ್ತಡ ಇಳಿದಾಗ ಪಂಪು ಹೆಚ್ಚು ನೀರು ತಳ್ಳುತ್ತದೆ. ಕವಾಟ ಮುಚ್ಚಿದಾಗ 115 ಮೀಟರ್ ತೋರಿಸುವ ಒಂದು ಸಾಮಾನ್ಯ ಪಂಪಿನ ವಕ್ರರೇಖೆಯನ್ನು ಮಾರ್ಗದ ವಕ್ರರೇಖೆಯ ಮೇಲೆ ಇಟ್ಟು ನೋಡಿದರೆ, ಒಂಟಿ ಪಂಪು 76 ಮೀಟರ್ ಹೆಡ್ಡಿನಲ್ಲಿ 305 ಘನ ಮೀಟರ್ ಕೊಡುತ್ತದೆ. ಜಲಾಶಯ ತುಂಬಿ ನೀರಿನ ಮಟ್ಟ 10 ಮೀಟರ್ ಮೇಲೆ ಬಂದಾಗ ಅದು 335ಕ್ಕೆ ಹೋಗುತ್ತದೆ.

ಮೋಟಾರಿನ ಆಯ್ಕೆ ಈ ಬಿಂದುವಿನಲ್ಲಿ ನಿಲ್ಲುತ್ತದೆ. 240 ಘನ ಮೀಟರಿನಲ್ಲಿ ಪಂಪಿನ ದಕ್ಷತೆ ನೂರಕ್ಕೆ 80 ಇದ್ದರೆ ದಂಡಕ್ಕೆ ಬೇಕಾದ ಶಕ್ತಿ 74.6 ಕಿಲೋವ್ಯಾಟ್. ಕಾಗದದ ಮೇಲೆ 75ರ ಮೋಟಾರು ಸರಿಯಾಗಿ ಕೂರುತ್ತದೆ. ಮಳೆಗಾಲದಲ್ಲಿ ಒಂದೇ ಪಂಪು ಓಡಿ 335 ಘನ ಮೀಟರ್ ತಳ್ಳುವಾಗ ದಕ್ಷತೆಯೂ ಇಳಿದಿರುತ್ತದೆ, ಬೇಡುವ ಶಕ್ತಿ 86 ಕಿಲೋವ್ಯಾಟಿನ ಹತ್ತಿರ ಹೋಗುತ್ತದೆ. 75ರ ಮೋಟಾರು ಆಗ ಮತ್ತೆ ಮತ್ತೆ ಟ್ರಿಪ್ ಆಗುತ್ತದೆ. ಪ್ರತಿ ಟ್ರಿಪ್ಪೂ ದಿಬ್ಬದ ಮೇಲೆ ಒಂದು ಹೊಡೆತ. ಆದ್ದರಿಂದ 90 ಕಿಲೋವ್ಯಾಟಿನ ಮೋಟಾರೇ ಸರಿ. ಪಂಪು ಕೊಳ್ಳುವಾಗ ಒಂದೇ ಬಿಂದುವಿನ ದಕ್ಷತೆ ಕೇಳದೆ, 240ರಿಂದ 335ರವರೆಗಿನ ಇಡೀ ರೇಖೆಯನ್ನು ಕಾರ್ಖಾನೆಯ ಪರೀಕ್ಷೆಯಲ್ಲಿ ತೋರಿಸಬೇಕೆಂದು ಕೇಳುವುದಕ್ಕೂ ಇದೇ ಕಾರಣ.

ಪಂಪಿನ ಹಿಂದೆಯೇ ಬರುವ ನಾನ್ ರಿಟರ್ನ್ ವಾಲ್ವ್ ತಡವಾಗಿ ಮುಚ್ಚಿದರೆ, ಹಿಂದಕ್ಕೆ ವೇಗ ಪಡೆದ ನೀರಿನ ಮುಖಕ್ಕೆ ಬಾಗಿಲು ಬಡಿದಂತಾಗುತ್ತದೆ. ಏರ್ ವೆಸೆಲ್ ಹತ್ತಿರವಿದ್ದಾಗ ಈ ಹಿಂಚಲನೆ ಇನ್ನೂ ಬೇಗ ಆರಂಭವಾಗುವುದರಿಂದ, ಬೇಗ ಮುಚ್ಚುವ ಬಗೆಯ ವಾಲ್ವ್ ಅಲ್ಲಿ ಕಡ್ಡಾಯ. ಮಾರ್ಗದ ಬಾಗುಗಳಲ್ಲಿ ಕೊಳವೆಯನ್ನು ಹೊರಕ್ಕೆ ತಳ್ಳುವ ಬಲಕ್ಕೆ ಕಾಂಕ್ರೀಟಿನ ಥ್ರಸ್ಟ್ ಬ್ಲಾಕ್ ಕಟ್ಟುತ್ತಾರೆ. ಅದರ ಲೆಕ್ಕವನ್ನು ದಿನದ ಒತ್ತಡಕ್ಕಲ್ಲ, ಹೊಡೆತದ ಗರಿಷ್ಠ ಒತ್ತಡಕ್ಕೆ ಹಾಕಬೇಕು. ಎರೆ ಮಣ್ಣು ಮಳೆಗೆ ಹಿಗ್ಗಿ ಬೇಸಿಗೆಗೆ ಬಿರುಕು ಬಿಡುವುದರಿಂದ, ಬ್ಲಾಕಿನ ಹಿಂಬದಿಗೆ ಅಗೆದ ಎರೆಯನ್ನೇ ತುಂಬದೆ ಗರಸು ತುಂಬಿ ಅದುಮುವುದು ಈ ಸೀಮೆಯ ವರದಿಯಲ್ಲಿ ಇರಬೇಕಾದ ಸೂಚನೆ.

ಮಾರ್ಗ ಚಾಲನೆಯಾದ ಮೇಲೆ ವರದಿಯ ಅಂಕಿಗಳನ್ನು ಪಂಪ್‌ಹೌಸಿನ ಒಂದು ಪ್ರೆಷರ್ ಗೇಜ್ ಮತ್ತು ಒಂದು ಹರಿವಿನ ಮೀಟರ್ ಸಾಕ್ಷಿಯಾಗಿ ಪರೀಕ್ಷಿಸುತ್ತವೆ. ಪಂಪು ನಿಂತು ನೀರು ಪೂರ್ತಿ ಶಾಂತವಾದಾಗ ಗೇಜ್ ತೋರುವುದು ಟ್ಯಾಂಕಿನ ಎತ್ತರ. ಓಡುವಾಗ ಅದರ ಮೇಲೆ ಏರುವುದು ಘರ್ಷಣೆ ಮತ್ತು ತುದಿಯ 3 ಮೀಟರ್. ಆ 3 ಕಳೆದರೆ ಮೊದಲ ವರ್ಷ 480 ಘನ ಮೀಟರಿಗೆ ಸುಮಾರು 26 ಮೀಟರ್ ಬರಬೇಕು. ಕೆಲವು ವರ್ಷಗಳ ಮೇಲೆ ಅದು 30 ಮೀಟರ್ ಆಗಿ, ಹರಿವು 440ಕ್ಕೆ ಇಳಿದಿದ್ದರೆ, ಕೊಳವೆಯ ಸಿ ಬೆಲೆ 140ರಿಂದ 120ಕ್ಕೆ ಬಂದಿದೆ ಎಂದು ಅರ್ಥ, ಅಥವಾ ಏರುಗಳ ತುದಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ. ಏರ್ ವಾಲ್ವುಗಳನ್ನು ಸರಿಪಡಿಸಿದ ಕೂಡಲೇ ಅಂಕಿ ಹಿಂದಿರುಗಿದರೆ ಅದು ಗಾಳಿಯ ಕೆಲಸ. ಹಿಂದಿರುಗದಿದ್ದರೆ ಒಳಮೈಯ ಒರಟು. ಗೇಜಿನ ಅಂಕಿ ಇಳಿದು ಪಂಪ್‌ಹೌಸಿನ ಹರಿವು ಮಾತ್ರ ಏರಿದ್ದರೆ, ನಡುದಾರಿಯಲ್ಲಿ ಎಲ್ಲೋ ನೀರು ಹೊರಹೋಗುತ್ತಿದೆ. ದಿಬ್ಬದ ಎರಡೂ ಬದಿಯ ಜೋಡುಗಳಲ್ಲೇ ವರ್ಷ ವರ್ಷವೂ ಸೋರಿಕೆ ಕಾಣಿಸಿಕೊಳ್ಳುತ್ತಿದ್ದರೆ ಮೊದಲು ನೋಡಬೇಕಾದ್ದು ಜೋಡುಗಳನ್ನಲ್ಲ, ಪಂಪ್‌ಹೌಸಿನ ಪೀಪಾಯಿಯಲ್ಲಿ ಗಾಳಿ ಎಷ್ಟು ಉಳಿದಿದೆ ಎಂಬುದನ್ನು.